ಹಣ ಇಟ್ಟುಕೊಳ್ಳುವ ಮೂರು ಉದ್ದೇಶ: ಸಟ್ಟಾ ಪ್ರಶ್ನೆಗೆ ನಾನು ಉತ್ತರ ಬರೆಸುವ ಬಗೆ

ಜನ ಹಣ ಇಟ್ಟುಕೊಳ್ಳುವುದಕ್ಕೆ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಹೇಳಿದ ಮೂರು ಉದ್ದೇಶಗಳ ಹೆಸರನ್ನು ಪಿಯುಸಿ ಮಕ್ಕಳೆಲ್ಲ ಬರೆಯುತ್ತಾರೆ: ವಹಿವಾಟು, ಮುನ್ನೆಚ್ಚರಿಕೆ, ಸಟ್ಟಾ. ಅಂಕ ಹೋಗುವುದು ಉದಾಹರಣೆಯಲ್ಲಿ. ಹಾಗಾಗಿ ಉದಾಹರಣೆ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ: ಇಲ್ಲಿ ಕೈಯಲ್ಲಿ ಉಳಿದದ್ದು ಹಣವೇನಾ? ನೋಟು, ನಾಣ್ಯ, ಬೇಕೆಂದಾಗ ತೆಗೆಯಬಹುದಾದ ಬ್ಯಾಂಕ್ ಖಾತೆಯ ದುಡ್ಡು ಹಣ. ಯುಪಿಐನಲ್ಲಿ ಕೊಡುವುದೂ ಆ ಖಾತೆಯಿಂದಲೇ. "ಆಸ್ಪತ್ರೆ ಖರ್ಚಿಗೆಂದು ಬಂಗಾರ ಇಟ್ಟಿದ್ದಾರೆ" ಎಂದು ಬರೆದರೆ ಉತ್ತರ ತಪ್ಪು. ಮುನ್ನೆಚ್ಚರಿಕೆ ಇದೆ, ಹಣ ಇಲ್ಲ.

ವಹಿವಾಟು ಉದ್ದೇಶಕ್ಕೆ ಸಂಬಳದ ಲೆಕ್ಕ ಸಾಕು. ತಿಂಗಳ ಮೊದಲ ದಿನ 30,000 ರೂಪಾಯಿ ಬಂದು, ದಿನಕ್ಕೆ 1,000ದಂತೆ ಖರ್ಚಾದರೆ ಕೈಯಲ್ಲಿರುವ ಸರಾಸರಿ ಹಣ ಸುಮಾರು 15,000. ಅದೇ ಆದಾಯ ವಾರಕ್ಕೆ 7,000ದಂತೆ ಬಂದರೆ ಸರಾಸರಿ ಸುಮಾರು 3,500. ಆದಾಯವೂ ಖರ್ಚೂ ಬದಲಾಗಿಲ್ಲ, ಬಟವಾಡೆಯ ಅಂತರ ಮಾತ್ರ ಬದಲಾಯಿತು. ಡೇರಿಯಿಂದ 15 ದಿನಕ್ಕೊಮ್ಮೆ ಬಟವಾಡೆ ಬರುವ ಮನೆಗಿಂತ, ವರ್ಷಕ್ಕೊಮ್ಮೆ ಅಡಿಕೆ ಮಾರಿ ಬದುಕುವ ಮನೆ ತನ್ನ ಆದಾಯದ ಹೆಚ್ಚು ಪಾಲನ್ನು ಹಣವಾಗಿ ಇಟ್ಟುಕೊಳ್ಳಬೇಕಾಗುವುದು ಇದಕ್ಕೇ. "ದಿನಸಿ ತರಲು" ಎಂದಷ್ಟೇ ಬರೆಯದೆ, "ಆದಾಯ ಬರುವುದಕ್ಕೂ ಖರ್ಚಾಗುವುದಕ್ಕೂ ನಡುವೆ ಕಾಲಾಂತರ ಇರುವುದರಿಂದ" ಎಂಬ ಕಾರಣವನ್ನೂ ಸೇರಿಸಿ ಬರೆಸುತ್ತೇನೆ.

ಮುನ್ನೆಚ್ಚರಿಕೆಯಲ್ಲಿ ಗೊಂದಲ ಕಡಿಮೆ. ಖರ್ಚಿನ ದಿನವೂ ಮೊತ್ತವೂ ಗೊತ್ತಿದ್ದರೆ ವಹಿವಾಟು, ಗೊತ್ತಿಲ್ಲದಿದ್ದರೆ ಮುನ್ನೆಚ್ಚರಿಕೆ. ಜೂನ್‌ನ ಶಾಲಾ ಫೀಸು ಮೊದಲನೆಯದು, ನಡುರಾತ್ರಿಯ ಆಂಬ್ಯುಲೆನ್ಸ್ ಎರಡನೆಯದು. ಈ ಎರಡೂ ಉದ್ದೇಶಗಳಿಗೆ ಇಟ್ಟುಕೊಳ್ಳುವ ಹಣ ಮುಖ್ಯವಾಗಿ ಆದಾಯವನ್ನು ಅವಲಂಬಿಸುತ್ತದೆ.

ಎಡವುವುದು ಸಟ್ಟಾದಲ್ಲಿ. "ಲಾಭಕ್ಕಾಗಿ ಶೇರು ಕೊಳ್ಳುವುದು" ಎಂದು ಬರೆಯುತ್ತಾರೆ. ಶೇರು ಕೊಂಡ ಕ್ಷಣ ಹಣ ಕೈಬಿಟ್ಟಿತು, ಮತ್ತೆ ಹಣದ ಬೇಡಿಕೆ ಎಲ್ಲಿಂದ ಬಂತು? ಸಟ್ಟಾ ಬೇಡಿಕೆ ಎಂದರೆ ಈಗ ಕೊಳ್ಳದೆ, ಬೆಲೆ ಇಳಿಯಲಿ ಎಂದು ಹಣ ಹಿಡಿದು ಕಾಯುವುದು. ರೇಟು ಏರಲಿ ಎಂದು ಅಡಿಕೆ ಚೀಲ ಪೇರಿಸಿಟ್ಟವರದ್ದು ಸರಕಿನ ಸಟ್ಟಾ. ಈ ಪ್ರಶ್ನೆಗೆ ಅದು ತಿರುವುಮುರುವಾದ ಉದಾಹರಣೆ.

ಕೇನ್ಸ್ ಉದಾಹರಣೆಗೆ ತೆಗೆದುಕೊಂಡದ್ದು ಬಾಂಡನ್ನು, ಅಂದರೆ ಸಾಲ ಕೊಟ್ಟವರಿಗೆ ನಿಗದಿತ ಬಡ್ಡಿ ತರುವ, ಮಾರಲೂ ಬರುವ ಪತ್ರವನ್ನು. ಬೋರ್ಡಿನ ಮೇಲೆ ನಾನು ಬಿಡಿಸುವುದು ವರ್ಷಕ್ಕೆ 80 ರೂಪಾಯಿ ಕೊಡುತ್ತಲೇ ಇರುವ, ಅಸಲು ಮರಳಿಸುವ ಅವಧಿಯೇ ಇಲ್ಲದ ಬಾಂಡು. ಮಾರುಕಟ್ಟೆಯ ಬಡ್ಡಿ ದರ 8% ಇದ್ದರೆ ಅದರ ಬೆಲೆ 80 ÷ 0.08 = 1,000. ದರ 10% ಆದರೆ 800, 5% ಆದರೆ 1,600. ದರ ಏರಿದರೆ ಬೆಲೆ ಇಳಿಯುತ್ತದೆ ಎಂಬುದು ಇಷ್ಟರಲ್ಲೇ ಕಾಣುತ್ತದೆ.

ಈಗ ದರ 5% ಇದೆ, ಮುಂದಿನ ವರ್ಷ 8%ಗೆ ಮರಳುತ್ತದೆ ಎಂದು ಒಬ್ಬರ ಅಂದಾಜು. ಇಂದು 1,600ಕ್ಕೆ ಕೊಂಡರೆ 80 ಬಡ್ಡಿ ಬರುತ್ತದೆ, ಆದರೆ ಬೆಲೆ 1,000ಕ್ಕೆ ಕುಸಿದು 600 ಹೋಗುತ್ತದೆ. ನಿವ್ವಳ ನಷ್ಟ 520. ಬಡ್ಡಿಯೇ ಇಲ್ಲದೆ 1,600 ರೂಪಾಯಿ ಸುಮ್ಮನೆ ಇಟ್ಟುಕೊಂಡವರೇ ಗೆದ್ದರು. ದರ 10% ಇದ್ದು 8%ಗೆ ಇಳಿಯುವ ನಿರೀಕ್ಷೆ ಇದ್ದರೆ ಕಥೆ ಉಲ್ಟಾ: 800ಕ್ಕೆ ಕೊಂಡದ್ದು 1,000 ಆಗುತ್ತದೆ, ಜೊತೆಗೆ 80. ಆಗ ಹಣ ಹಿಡಿದು ಕೂರುವವರು ಕಡಿಮೆ.

ಬುದ್ಧಿವಂತ ಮಕ್ಕಳು ಇಲ್ಲಿ ಕೇಳುತ್ತಾರೆ: ದರ ಎಷ್ಟು ಏರಿದರೆ ಒಂದು ವರ್ಷದ ಬಡ್ಡಿ ಪೂರ್ತಿ ಕೊಚ್ಚಿ ಹೋಗುತ್ತದೆ? ಬೆಲೆ 80 ರೂಪಾಯಿ ಇಳಿದರೆ ಸಾಕು. 10%ರಲ್ಲಿ 800 ಇದ್ದದ್ದು 720 ಆಗಲು ದರ 11.1% ತಲುಪಬೇಕು. 5%ರಲ್ಲಿ 1,600 ಇದ್ದದ್ದು 1,520 ಆಗಲು 5.26% ಸಾಕು. 2%ರಲ್ಲಿ ಬೆಲೆ 4,000. ಅದು 3,920 ಆಗಲು ದರ ಸುಮಾರು 2.04% ಆದರೂ ಆಯಿತು. ದರ ತೀರಾ ಕೆಳಗಿರುವಾಗ ಕೂದಲೆಳೆಯಷ್ಟು ಏರಿಕೆಯೂ ವರ್ಷದ ಬಡ್ಡಿಯನ್ನು ತಿಂದುಹಾಕುತ್ತದೆ. ದರ ಇನ್ನು ಏರುವುದೇ ಸೈ ಎಂದು ಎಲ್ಲರಿಗೂ ಅನಿಸಿದರೆ, ಹೊಸದಾಗಿ ಬಿಟ್ಟ ಹಣವೂ ಬಾಂಡಿಗೆ ಹೋಗದೆ ಕೈಯಲ್ಲೇ ನಿಲ್ಲುತ್ತದೆ. ದ್ರವ್ಯತಾ ಬಲೆ ಎನ್ನುವುದು ಇದನ್ನೇ. ಬಡ್ಡಿ ದರಕ್ಕೂ ಸಟ್ಟಾ ಬೇಡಿಕೆಗೂ ಇರುವ ಸಂಬಂಧ ತೋರಿಸುವ ಚಿತ್ರದಲ್ಲಿ ರೇಖೆ ಅಡ್ಡಲಾಗಿ ಮಲಗುವುದೂ ಇಲ್ಲೇ.

ಎರಡು ಅಂಕಕ್ಕೆ ಕೇಳಿದರೆ ನಾನು ಬರೆಸುವುದು ಇಷ್ಟು: "ಬಡ್ಡಿ ದರ ಮುಂದೆ ಏರಿ ಬಾಂಡಿನ ಬೆಲೆ ಇಳಿಯುತ್ತದೆ ಎಂಬ ನಿರೀಕ್ಷೆಯಿಂದ ನಷ್ಟ ತಪ್ಪಿಸಿಕೊಳ್ಳಲು ಇಟ್ಟುಕೊಳ್ಳುವ ಹಣವೇ ಸಟ್ಟಾ ಬೇಡಿಕೆ. ಬಡ್ಡಿ ದರದೊಂದಿಗೆ ಇದಕ್ಕೆ ವಿಲೋಮ ಸಂಬಂಧವಿದೆ." ನಾಲ್ಕು ಅಂಕವಿದ್ದರೆ 1,600 ಮತ್ತು 1,000ದ ಲೆಕ್ಕವನ್ನು ಕೆಳಗೆ ಸೇರಿಸುತ್ತೇವೆ.