ತೀರ್ಪಿಲ್ಲದ ದಾಖಲೆಗೆ ಸೊನ್ನೆ ಕೊಟ್ಟು ಕೆಟ್ಟೆ

ಹೊಸ ರ‍್ಯಾಂಕರ್ ಹುಡುಕಾಟದ ಫಲಿತಾಂಶಗಳನ್ನು ಚೆನ್ನಾಗಿ ಸಾಲಿಡುತ್ತದೆ ಎಂದು ನನಗೆ ಕಣ್ಣಾರೆ ಕಾಣುತ್ತಿತ್ತು. ಐವತ್ತು ಪ್ರಶ್ನೆಗಳನ್ನು ನಾನೇ ಟೈಪ್ ಮಾಡಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದೆ. ಆದರೆ ಒಳ್ಳೆಯ ದಾಖಲೆಗಳು ಎಷ್ಟು ಮೇಲೆ ಬಂದಿವೆ ಎಂದು ಸೊನ್ನೆಯಿಂದ ಒಂದರವರೆಗೆ ಅಳೆಯುವ ಎನ್‌ಡಿಸಿಜಿ ಒಪ್ಪಲಿಲ್ಲ. ಮೊದಲ ಹತ್ತು ಫಲಿತಾಂಶಗಳಿಗೆ ಹಳೆಯದು 0.71, ಹೊಸದು 0.66 ಅಥವಾ ಅದರ ಆಸುಪಾಸು. ತಂಡದ ಸಭೆಯಲ್ಲಿ ಹಿರಿಯರೊಬ್ಬರು, "ನಿಮ್ಮ ಕಣ್ಣಿಗಿಂತ 320 ಪ್ರಶ್ನೆಗಳ ಸರಾಸರಿ ದೊಡ್ಡದು" ಎಂದರು. ಮರುಮಾತಾಡಲು ನನ್ನ ಬಳಿ ಏನೂ ಇರಲಿಲ್ಲ. ನಾಲ್ಕು ತಿಂಗಳ ಕೆಲಸ ಮೂಲೆ ಸೇರಿತು.

ನಾನು ಮೊದಲು ಅನುಮಾನಿಸಿದ್ದು ಅಳತೆಯ ಸೂತ್ರವನ್ನು. ಅಲ್ಲಿ ದೋಷ ಸಿಕ್ಕಿತು, ಆದರೆ ನಾನು ಹುಡುಕುತ್ತಿದ್ದ ದೋಷ ಅದಾಗಿರಲಿಲ್ಲ. ತಂಡದಲ್ಲಿ ಕೆಲವರು scikit-learn ನ `ndcg_score` ಗೆ ಮರಳಿ ಬಂದ ಹತ್ತು ದಾಖಲೆಗಳಿಗೆ ತೀರ್ಪುಗಾರರು ಹಾಕಿದ ದರ್ಜೆಗಳನ್ನಷ್ಟೇ ಕೊಡುತ್ತಿದ್ದರು. ಹಾಗೆ ಕೊಟ್ಟರೆ ಹೋಲಿಕೆಗೆ ಬಳಸುವ ಆದರ್ಶ ಪಟ್ಟಿ, ಅಂದರೆ ದೊಡ್ಡ ದರ್ಜೆಯಿಂದ ಚಿಕ್ಕದಕ್ಕೆ ಜೋಡಿಸಿದ ಪಟ್ಟಿಯೂ ಅದೇ ಹತ್ತರಿಂದ ಹುಟ್ಟುತ್ತದೆ. ವ್ಯವಸ್ಥೆ ತರಲಾಗದೆ ಬಿಟ್ಟ ಒಳ್ಳೆಯ ದಾಖಲೆಗೆ ದಂಡವೇ ಬೀಳುವುದಿಲ್ಲ. ತರಬೇತಿಯ ವೇಳೆ LightGBM ತೋರಿಸುವ ಅಂಕಿಯ ಕಥೆಯೇ ಬೇರೆ: ಅದು ದರ್ಜೆಯನ್ನು `2^g - 1` ಮಾಡಿ ಎಣಿಸುತ್ತದೆ, ಸಂಬಂಧಿತ ದಾಖಲೆಯೇ ಇಲ್ಲದ ಪ್ರಶ್ನೆಗೆ 1 ಕೊಡುತ್ತದೆ. ಈ ಎರಡನ್ನು ಒಂದೇ ಕೋಷ್ಟಕದಲ್ಲಿಟ್ಟು ಹೋಲಿಸುತ್ತಿದ್ದೆವು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಎಲ್ಲವನ್ನೂ ಒಂದೇ ಸಣ್ಣ ಫಂಕ್ಷನ್‌ಗೆ ತಂದೆ:

```python
from math import log2

def ndcg(docs, qrels, k=10):
    dcg = sum(qrels.get(d, 0) / log2(i + 2)
              for i, d in enumerate(docs[:k]))
    best = sorted(qrels.values(), reverse=True)[:k]
    idcg = sum(g / log2(i + 2) for i, g in enumerate(best))
    return dcg / idcg if idcg else None
```

ಅಂಕಿಗಳು ಶುದ್ಧವಾದವು. ಹೊಸ ರ‍್ಯಾಂಕರ್ ಮಾತ್ರ ಹಿಂದೆಯೇ ಉಳಿಯಿತು. ತಪ್ಪು ಇದ್ದದ್ದು ಈ ಕೋಡಿನಲ್ಲೇ. `qrels.get(d, 0)` ಎಂಬಲ್ಲಿ ತೀರ್ಪಿಲ್ಲದ ದಾಖಲೆಗೆ ಸಿಗುವ ಆ ಸೊನ್ನೆಯನ್ನು ನಾನೇ ಬರೆದಿದ್ದೆ, ಎರಡು ತಿಂಗಳು ಅದನ್ನು ದಾಟಿಕೊಂಡು ಓದಿದ್ದೆ.

ಅದಕ್ಕೂ ಮೊದಲು ಹಣ ಕಳೆದ ಕಥೆ ಹೇಳಬೇಕು. ತೀರ್ಪುಗಳು ಕಡಿಮೆಯಾಗಿವೆ ಎಂಬ ಊಹೆ ಸರಿಯಾಗಿಯೇ ಇತ್ತು. ಹುಡುಕಾಟ ವ್ಯವಸ್ಥೆಗಳನ್ನು ಹೋಲಿಸಿ ನೋಡುವ ಟ್ರೆಕ್‌ನ ಮಾದರಿಯಲ್ಲಿ ಹಲವು ವ್ಯವಸ್ಥೆಗಳ ಮೊದಲ ನೂರನ್ನು ಒಟ್ಟುಗೂಡಿಸಿ ತೀರ್ಪು ಕೊಡಿಸುವಷ್ಟು ದುಡ್ಡು ನಮಗಿರಲಿಲ್ಲ. ಆದ್ದರಿಂದ ಹಳೆಯ ರ‍್ಯಾಂಕರ್‌ನ ಮೊದಲ ಮೂವತ್ತರಲ್ಲಿ ಬಹುಪಾಲಿಗೆ ತೀರ್ಪು ಬರೆಸಿದೆ. ಅರ್ಧ ವರ್ಷಕ್ಕೆಂದು ಇಟ್ಟಿದ್ದ ತೀರ್ಪಿನ ಹಣದಲ್ಲಿ ಮುಕ್ಕಾಲು ಪಾಲು ಅಲ್ಲೇ ಕರಗಿತು. ಬಂದ ಫಲ ಇಷ್ಟೇ: ಆದರ್ಶ ಪಟ್ಟಿ ತುಸು ಮೇಲೇರಿ, ಎರಡೂ ರ‍್ಯಾಂಕರ್‌ಗಳ ಅಂಕ ಒಟ್ಟಿಗೆ ಕುಸಿಯಿತು, ನಡುವಿನ ಅಂತರ ಅಲುಗಲಿಲ್ಲ. ಹೊಸದು ತರುತ್ತಿದ್ದ ದಾಖಲೆಗಳು ಹಳೆಯದರ ಮೂವತ್ತರಲ್ಲೂ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಬಾವಿ ಆಳ ಮಾಡಿದ್ದೆ, ನೀರಿದ್ದದ್ದು ಪಕ್ಕದ ಜಾಗದಲ್ಲಿ.

ಹೊಳೆದದ್ದು ಒಂದೇ ಪ್ರಶ್ನೆಯನ್ನು ಕಾಗದದ ಮೇಲೆ ಬಿಡಿಸಿದಾಗ. ಸುಲಭವಾಗಲೆಂದು ಮೊದಲ ಐದನ್ನೇ ತೆಗೆದುಕೊಳ್ಳುತ್ತೇನೆ. ಹಳೆಯದರ ದರ್ಜೆಗಳು 3, 2, 0, 1, 0. ತೀರ್ಪಿನ ಕಡತದಲ್ಲಿ ದರ್ಜೆ 3ರ ಇನ್ನೊಂದು ದಾಖಲೆಯೂ ಇತ್ತು, ಅದನ್ನು ಹಳೆಯದು ಮೊದಲ ಐದಕ್ಕೆ ತಂದಿರಲಿಲ್ಲ. ಹಾಗಾಗಿ ಆದರ್ಶ ಪಟ್ಟಿ 3, 3, 2, 1. ಹಳೆಯದಕ್ಕೆ 4.693 ಭಾಗಿಸು 6.323, ಅಂದರೆ 0.742. (ತನ್ನದೇ ಪಟ್ಟಿಯಿಂದ ಆದರ್ಶ ತೆಗೆದಿದ್ದರೆ ಇದೇ ಪಟ್ಟಿ 0.985 ಎಂದು ಮೆರೆಯುತ್ತಿತ್ತು.) ಹೊಸದರ ಪಟ್ಟಿ: ತೀರ್ಪಿಲ್ಲದ್ದು, 3, 3, 2, ಮತ್ತೆ ತೀರ್ಪಿಲ್ಲದ್ದು. ಆ ಎರಡಕ್ಕೂ ಸೊನ್ನೆ ಹಾಕಿದರೆ 4.254, ಅಂದರೆ 0.673. ಹೊಸದು ಸೋತಿತು.

ನಾನು ಆ ಎರಡು ದಾಖಲೆಗಳನ್ನು ತೆರೆದು ಓದಿದೆ. ಮೊದಲನೆಯದು ಕಣ್ಣು ಮುಚ್ಚಿ 3 ಕೊಡಬೇಕಾದದ್ದು; ಕೊನೆಯದು ನಿಜಕ್ಕೂ ಸೊನ್ನೆ. ತೀರ್ಪು ಸೇರಿಸಿದಾಗ ಆದರ್ಶವೂ 7.641ಕ್ಕೆ ಏರಿತು. ಹೊಸದು 0.949, ಹಳೆಯದು 0.614. ಒಂದೇ ಒಂದು ತೀರ್ಪಿನಿಂದ ಇಡೀ ಫಲಿತಾಂಶ ತಿರುಗಿ ನಿಂತಿತು.

ಆಗ ಎಣಿಸಿದೆ: ಮೊದಲ ಹತ್ತರಲ್ಲಿ ತೀರ್ಪಿರುವ ದಾಖಲೆಗಳು ಹಳೆಯದರಲ್ಲಿ ಶೇ. 97, ಹೊಸದರಲ್ಲಿ ಶೇ. 61. ಈ ಎರಡು ಅಂಕಿಗಳನ್ನು ಎನ್‌ಡಿಸಿಜಿಯ ಪಕ್ಕದಲ್ಲಿ ಮೊದಲ ದಿನವೇ ಬರೆದಿದ್ದರೆ ಆ ಸಭೆ ನಡೆಯುತ್ತಲೇ ಇರಲಿಲ್ಲ.

ಹಣವಿಲ್ಲದಿದ್ದುದರಿಂದ ಅಡ್ಡದಾರಿಗಳನ್ನೂ ಹಿಡಿದು ನೋಡಿದೆ. ತೀರ್ಪಿಲ್ಲದ ದಾಖಲೆಗಳನ್ನು ಪಟ್ಟಿಯಿಂದ ಕಿತ್ತುಹಾಕಿ ಉಳಿದವನ್ನು ಮೇಲೆ ಸರಿಸಿದರೆ ಮೇಲಿನ ಉದಾಹರಣೆಯಲ್ಲಿ ಹೊಸದಕ್ಕೆ 0.932 ಬರುತ್ತದೆ. ಖುಷಿಯ ಅಂಕಿ, ಆದರೆ ನಂಬಬಾರದು: ಹೊಸದು ಮೇಲೆ ತಂದಿಟ್ಟ ಕಸವೂ ಹಾಗೆಯೇ ಮಾಯವಾಗುತ್ತದೆ. ತೀರ್ಪಿಲ್ಲದ್ದಕ್ಕೆ ಆಯಾ ಸ್ಥಾನದ ಸರಾಸರಿ ದರ್ಜೆ ಕೊಟ್ಟೂ ನೋಡಿದೆ. ಸರಾಸರಿಯನ್ನು ತುಸು ಜಗ್ಗಿದರೆ ಗೆಲ್ಲುವವನು ಬದಲಾಗುತ್ತಿದ್ದ. ಪ್ರಶ್ನೆವಾರು ಸರಾಸರಿ ನಿಖರತೆಗಳ ಸರಾಸರಿಯಾದ ಮ್ಯಾಪ್ ಇನ್ನೂ ನಿರ್ದಯಿ. ಅದೇ ಪ್ರಶ್ನೆಗೆ, ದರ್ಜೆ 1 ಮತ್ತು ಮೇಲಿನದೆಲ್ಲ ಸಂಬಂಧಿತ ಎಂದುಕೊಂಡರೆ, ಹಳೆಯದರ ಸರಾಸರಿ ನಿಖರತೆ 0.688, ಹೊಸದರದ್ದು 0.479. ಮೊದಲ ಸ್ಥಾನದ ಒಂದು ಸೊನ್ನೆ ಅದರ ಕೆಳಗಿನ ಎಲ್ಲ ನಿಖರತೆಗಳನ್ನೂ ಎಳೆಯುತ್ತದೆ, ದರ್ಜೆ 3 ಎಂಬುದಕ್ಕೆ ಅಲ್ಲಿ ಹೆಚ್ಚುವರಿ ಬೆಲೆಯೂ ಇಲ್ಲ. ಅಲ್ಲಿಗೆ ಮ್ಯಾಪನ್ನು ನಿರ್ಧಾರದಿಂದ ಕೈಬಿಟ್ಟೆ, ಎಚ್ಚರಿಕೆಯ ಗಂಟೆಯಾಗಿ ಮಾತ್ರ ಉಳಿಸಿಕೊಂಡೆ.

ಕೊನೆಗೆ ಮಾಡಿದ್ದು ತೀರಾ ಸರಳ. ಎರಡೂ ರ‍್ಯಾಂಕರ್‌ಗಳ ಮೊದಲ ಹತ್ತನ್ನು ಕೂಡಿಸಿ, ತೀರ್ಪಿರುವುದನ್ನು ತೆಗೆದೆ. ಉಳಿದದ್ದು ಪ್ರಶ್ನೆ ಮತ್ತು ದಾಖಲೆಯ ಸುಮಾರು 1,300 ಜೋಡಿ, ಅದರಲ್ಲಿ ಬಹುಪಾಲು ಹೊಸದರದ್ದು. ಯಾವುದು ಯಾವ ರ‍್ಯಾಂಕರ್‌ನದ್ದೆಂದು ತಿಳಿಯದಂತೆ ಕಲಸಿದೆ. ಅವುಗಳ ನಡುವೆ ಹಳೆಯ ತೀರ್ಪಿರುವ ನೂರೈವತ್ತನ್ನು ಸದ್ದಿಲ್ಲದೆ ಬೆರೆಸಿದೆ. ತೀರ್ಪುಗಾರರ ಕೈ ಈಗ ಹಿಂದಿಗಿಂತ ಸಡಿಲವಾಗಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ತುಸು ಸಡಿಲವಾಗಿಯೇ ಇತ್ತು. ದರ್ಜೆ 1 ಮತ್ತು 2ರ ನಡುವಿನ ಸೂಚನೆಯನ್ನು ತಿದ್ದಿ ಮೊದಲ ದಿನದ ಕೆಲಸವನ್ನು ಮತ್ತೆ ಮಾಡಿಸಿದೆ. ಇಬ್ಬರು ತೀರ್ಪುಗಾರರು ಮತ್ತು ನಾನು, ಒಂಬತ್ತು ಹತ್ತು ದಿನ. ಖರ್ಚು ಆ ಮೂವತ್ತರ ಸಾಹಸದ ಎಂಟನೇ ಒಂದು ಪಾಲೂ ಆಗಲಿಲ್ಲ. ಯಾವ ಜೋಡಿಗಳನ್ನು ಮೊದಲು ಕಳಿಸಿದರೆ ಅರ್ಧ ಕೆಲಸದಲ್ಲೇ ಉತ್ತರ ನಿಲ್ಲುತ್ತದೆ ಎಂಬುದಕ್ಕೆ ನನ್ನದೊಂದು ಲೆಕ್ಕವಿದೆ; ಸ್ಥಾನದ ತೂಕ ಅದರ ಒಂದು ಭಾಗ ಎಂದಷ್ಟೇ ಹೇಳುತ್ತೇನೆ.

ಫಲಿತಾಂಶ: ಹಳೆಯದು 0.62, ಹೊಸದು 0.69. ಪ್ರಶ್ನೆವಾರು ಜೋಡಿಸಿ ಯಾದೃಚ್ಛಿಕ ಅದಲುಬದಲು ಪರೀಕ್ಷೆ ಹಚ್ಚಿದಾಗ, ಹತ್ತು ಸಾವಿರ ಸುತ್ತಿನಲ್ಲಿ ಅಷ್ಟು ದೊಡ್ಡ ಅಂತರ ಬೆರಳೆಣಿಕೆಯಷ್ಟು ಬಾರಿ ಮಾತ್ರ ಬಂತು. ಸಂಬಂಧಿತ ದಾಖಲೆಯೇ ಇಲ್ಲದ ಹದಿನಾಲ್ಕು ಪ್ರಶ್ನೆಗಳನ್ನು ಸರಾಸರಿಯಿಂದ ಹೊರಗಿಟ್ಟು ಬೇರೆ ಸಾಲಿನಲ್ಲಿ ತೋರಿಸಿದೆ. ಹಳೆಯದರ ಅಂಕ 0.71ರಿಂದ ಇಳಿದದ್ದು ಕಂಡು ಕೆಲವರು ಗಾಬರಿಯಾದರು. ಆದರ್ಶ ಪಟ್ಟಿ ಬೆಳೆದಾಗ ಅದು ಇಳಿಯಲೇಬೇಕು, ಹಿಂದಿನ ತಿಂಗಳ ವರದಿಯ ಜೊತೆ ಅದನ್ನು ಹೋಲಿಸಬಾರದು ಎಂದು ಮೂರು ಸಭೆಗಳಲ್ಲಿ ಹೇಳಬೇಕಾಯಿತು.

ಆಮೇಲೆ ನಿಜವಾದ ಬಳಕೆದಾರರ ಮೇಲೆ ಎರಡು ವಾರ ಎ/ಬಿ ಪ್ರಯೋಗ ನಡೆಯಿತು. ಮೊದಲ ಮೂರು ಸ್ಥಾನಗಳ ಮೇಲಿನ ಕ್ಲಿಕ್ ಶೇ. 4ರಷ್ಟು ಹೆಚ್ಚಿತು, ಒಂದೇ ಪ್ರಶ್ನೆಯನ್ನು ತಿದ್ದಿ ಮತ್ತೆ ಹುಡುಕುವುದು ಕಡಿಮೆಯಾಯಿತು. ಈಗ ಫಂಕ್ಷನ್‌ನಲ್ಲಿ ತೀರ್ಪಿರುವ ಪಾಲನ್ನೂ ಹಿಂತಿರುಗಿಸುತ್ತೇನೆ. ಎರಡು ರ‍್ಯಾಂಕರ್‌ಗಳ ನಡುವೆ ಅದು ಐದು ಶೇಕಡಾಕ್ಕಿಂತ ಹೆಚ್ಚು ಬೇರೆಯಾದರೆ ಕೋಷ್ಟಕದಲ್ಲಿ ಎನ್‌ಡಿಸಿಜಿಯ ಜಾಗ ಖಾಲಿ ಕಾಣುತ್ತದೆ. ಆ ಖಾಲಿ ಜಾಗ ಕಂಡರೆ ಈಗ ಮೊದಲು ಕೂಗುವವರು ಸಭೆಯಲ್ಲಿ ನನ್ನ ಬಾಯಿ ಮುಚ್ಚಿಸಿದ್ದ ಅದೇ ಹಿರಿಯರು.