ಐದು ಬಾಡಿಗೆ ಮನೆ: ಕಂಪನಿಯ 8 ಪರ್ಸೆಂಟ್ ಕೊನೆಗೆ ಎಷ್ಟಾಗುತ್ತದೆ?

ಹುಬ್ಬಳ್ಳಿಯ ವಿದ್ಯಾನಗರದ ಕಡೆ ಒಂದು ಕಟ್ಟಡ. ನೆಲಮಹಡಿ, ಅದರ ಮೇಲೆ ಎರಡು ಮಹಡಿ. ಎರಡು ಬೆಡ್‌ರೂಮಿನ ಮನೆ ಮೂರು, ಒಂದು ಬೆಡ್‌ರೂಮಿನವು ಎರಡು. ದೊಡ್ಡ ಮನೆಗೆ ತಿಂಗಳಿಗೆ 12,000, ಸಣ್ಣದಕ್ಕೆ 8,000. ಐದೂ ತುಂಬಿದ್ದರೆ ತಿಂಗಳಿಗೆ 52,000, ವರ್ಷಕ್ಕೆ 6,24,000 ರೂಪಾಯಿ. ಇದನ್ನು ನಾನೇ ನೋಡಿಕೊಳ್ಳಲೋ, ಬಾಡಿಗೆ ಮನೆ ನಿರ್ವಹಿಸುವ ಕಂಪನಿಗೆ ಒಪ್ಪಿಸಲೋ ಎಂದು ತೀರ್ಮಾನಿಸಲು ಮಾಡಿದ ಲೆಕ್ಕ ಇದು. ನಿಮ್ಮ ಊರಿನ, ನಿಮ್ಮ ಕಟ್ಟಡದ ಅಂಕಿ ಹಾಕಿಕೊಂಡು ನೋಡಿ, ಲೆಕ್ಕದ ದಾರಿ ಮಾತ್ರ ಬದಲಾಗುವುದಿಲ್ಲ.

ಕೈಗೆ ಬಂದ ಕರಾರಿನಲ್ಲಿ ದೊಡ್ಡಕ್ಷರದಲ್ಲಿ ಇದ್ದದ್ದು 8 ಪರ್ಸೆಂಟ್. ಅಂದರೆ ತಿಂಗಳಿಗೆ 4,160. ಕಂಪನಿ ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅದರ ಮೇಲೆ 18 ಪರ್ಸೆಂಟ್ ಬೀಳುತ್ತದೆ, 4,909 ಆಯಿತು. ವಾಸಕ್ಕೆ ಮನೆ ಕೊಟ್ಟವರು ಈ ಜಿಎಸ್‌ಟಿಯನ್ನು ಎಲ್ಲಿಯೂ ವಾಪಸ್ ಪಡೆಯಲು ಬರುವುದಿಲ್ಲ, ಅದು ಪೂರಾ ನಮ್ಮ ಖರ್ಚೇ. ವರ್ಷಕ್ಕೆ 58,906. ಇದು ಮೊದಲ ಸಾಲು ಅಷ್ಟೇ. ಎರಡನೇ ಪುಟದಲ್ಲಿ ಹೊಸ ಬಾಡಿಗೆದಾರರನ್ನು ತಂದುಕೊಟ್ಟರೆ ಒಂದು ತಿಂಗಳ ಬಾಡಿಗೆ ಎಂದಿತ್ತು. ವರ್ಷಕ್ಕೆ ಒಂದು ದೊಡ್ಡ ಮನೆ, ಒಂದು ಸಣ್ಣ ಮನೆ ಖಾಲಿಯಾಗಿ ತುಂಬುತ್ತದೆ ಎಂದು ಹಿಡಿದರೆ 20,000, ಜಿಎಸ್‌ಟಿ ಸೇರಿ 23,600. ಉಳಿದ ಮೂರು ಮನೆಗಳ ಹನ್ನೊಂದು ತಿಂಗಳ ಕರಾರುಪತ್ರ ಹೊಸದು ಮಾಡಲು ತಲಾ 1,000, ತೆರಿಗೆ ಸೇರಿ 3,540. ರಿಪೇರಿಯ ಬಿಲ್ಲಿನ ಮೇಲೆ 10 ಪರ್ಸೆಂಟ್ ಮೇಲ್ವಿಚಾರಣೆ ಶುಲ್ಕ. ವರ್ಷಕ್ಕೆ 30,000 ರಿಪೇರಿ ಎಂದರೆ ಅದೂ 3,540. ಎಲ್ಲ ಕೂಡಿದರೆ 89,586. ಒಟ್ಟು ಬಾಡಿಗೆಯ ಹದಿನಾಲ್ಕು ಪರ್ಸೆಂಟಿಗಿಂತ ಸ್ವಲ್ಪ ಹೆಚ್ಚು. ಎಂಟು ಹೋಗಿ ಹದಿನಾಲ್ಕು ಆಗಲು ಮೋಸ ಏನೂ ಬೇಕಾಗಲಿಲ್ಲ, ಎಲ್ಲವೂ ಕರಾರಿನಲ್ಲೇ ಬರೆದಿತ್ತು.

ಇನ್ನೊಂದು ತಪ್ಪು ಲೆಕ್ಕ ಬಹಳ ಮಂದಿ ಹಾಕುತ್ತಾರೆ: "ಶುಲ್ಕ ಖರ್ಚಲ್ಲವೇ, ಇನ್‌ಕಮ್ ಟ್ಯಾಕ್ಸಿನಲ್ಲಿ ಕಳೆಯಬಹುದು." ಮನೆ ಬಾಡಿಗೆಯನ್ನು 'ಮನೆ ಆಸ್ತಿಯ ಆದಾಯ' ಎಂದು ತೋರಿಸುವಾಗ ಬಂದ ಬಾಡಿಗೆಯಿಂದ ಪಾಲಿಕೆಗೆ ಕಟ್ಟಿದ ಆಸ್ತಿ ತೆರಿಗೆ ಕಳೆಯುತ್ತಾರೆ, ಉಳಿದದ್ದರಲ್ಲಿ ಸಾರಾಸಗಟು 30 ಪರ್ಸೆಂಟ್ ಬಿಡುತ್ತಾರೆ. ರಿಪೇರಿ, ಕಾವಲು, ವಸೂಲಿ, ಕಂಪನಿ ಶುಲ್ಕ ಎಲ್ಲವೂ ಆ ಮೂವತ್ತರೊಳಗೇ. ಮನೆ ಸಾಲವಿದ್ದರೆ ಅದರ ಬಡ್ಡಿಯ ಲೆಕ್ಕ ಬೇರೆ. ಆಸ್ತಿ ತೆರಿಗೆ 12,000 ಎಂದಿಟ್ಟುಕೊಂಡರೆ ಉಳಿಯುವುದು 6,12,000, ಅದರಲ್ಲಿ ವಿನಾಯಿತಿ 1,83,600. ಕಂಪನಿಗೆ ತೊಂಬತ್ತು ಸಾವಿರ ಕೊಟ್ಟರೂ ಇಷ್ಟೇ, ಒಂದು ಪೈಸೆ ಕೊಡದಿದ್ದರೂ ಇಷ್ಟೇ. ಹಾಗಾಗಿ ಈ ಶುಲ್ಕದಲ್ಲಿ ಉಳಿಸಿದ ರೂಪಾಯಿ ತೆರಿಗೆಯ ಕಡಿತವಿಲ್ಲದೆ ಪೂರ್ತಿ ಕೈಯಲ್ಲಿ ಉಳಿಯುತ್ತದೆ.

ಈಗ ಇನ್ನೊಂದು ತಕ್ಕಡಿ. ತಾನೇ ನೋಡಿಕೊಂಡರೆ ದುಡ್ಡು ಕಡಿಮೆ, ತಾಸು ಹೆಚ್ಚು. ಬಾಡಿಗೆ ಬಂತೇ ಎಂದು ನೋಡುವುದು, ಫೋನು, ಪ್ಲಂಬರ್ ಬಂದಾಗ ನಿಲ್ಲುವುದು, ಮೀಟರು, ಬಿಲ್ಲು ಎಲ್ಲ ಸೇರಿ ಮಾಮೂಲಿ ತಿಂಗಳಿಗೆ ಆರು ತಾಸು ಹಿಡಿದೆ. ಒಂದು ಮನೆ ಖಾಲಿಯಾಗಿ ತುಂಬುವಷ್ಟರಲ್ಲಿ ಹದಿನಾಲ್ಕು ತಾಸು. ವರ್ಷಕ್ಕೆ 72, ಅದಕ್ಕೆ 28 ಕೂಡಿಸಿ 100 ತಾಸು. ಹೊಸ ಬಾಡಿಗೆದಾರರನ್ನು ಹುಡುಕಲು ಊರಿನ ಏಜೆಂಟರಿಗೆ ಅರ್ಧ ತಿಂಗಳ ಬಾಡಿಗೆ ಕೊಟ್ಟರೆ 10,000. ಕಂಪನಿಯ 89,586ರಲ್ಲಿ ಇದನ್ನು ಕಳೆದರೆ 79,586. ಅಂದರೆ ಕಂಪನಿ ನನ್ನ ಒಂದೊಂದು ತಾಸನ್ನು ಸುಮಾರು 800 ರೂಪಾಯಿಗೆ ಬಿಡಿಸಿಕೊಡುತ್ತೇನೆ ಎನ್ನುತ್ತಿದೆ. ತಾಸಿಗೆ ಅದಕ್ಕಿಂತ ಹೆಚ್ಚು ದುಡಿಯುವ ಡಾಕ್ಟರಿಗೋ ವಕೀಲರಿಗೋ ಇದು ಅಗ್ಗ. ನನಗೆ ಅಲ್ಲ. ಅದಕ್ಕಿಂತ ಮುಖ್ಯ, ಆ ನೂರು ತಾಸುಗಳಲ್ಲಿ ಕಂಪನಿ ನಿಜವಾಗಿ ಹೊರುವುದು ಎಷ್ಟು ಎಂಬುದು.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಪ್ರಶ್ನೆಗೆ ಉತ್ತರ ಇರುವುದು ಸಂಪಿನಲ್ಲಿ. ದಿನವೂ ನಳ ಬರುವ ಓಣಿಯಾದರೆ ಈ ಭಾಗ ಬಿಟ್ಟು ಮುಂದೆ ಓದಬಹುದು. ಉಳಿದವರಿಗೆ: ಐದು ಮನೆಗಳಲ್ಲಿ ಹದಿನೆಂಟು ಜನ, ತಲೆಗೆ ದಿನಕ್ಕೆ 135 ಲೀಟರ್ (ನಗರಗಳಿಗೆ ಸರ್ಕಾರ ಇಟ್ಟುಕೊಂಡ ಅಳತೆ), ದಿನಕ್ಕೆ 2,430 ಲೀಟರ್. ಹತ್ತಡಿ ಉದ್ದ, ಎಂಟಡಿ ಅಗಲ, ಆರಡಿ ಆಳದ ಸಂಪಿನಲ್ಲಿ ಸುಮಾರು 13,500 ಲೀಟರ್, ಮೇಲಿನ ಟ್ಯಾಂಕುಗಳಲ್ಲಿ 2,000. ಪೂರ್ತಿ ತುಂಬಿದ್ದರೆ ಆರು ದಿನ ನಡೆಯುತ್ತದೆ, ಏಳನೇ ದಿನ ಟ್ಯಾಂಕರ್. ಐದು ದಿನಕ್ಕೊಮ್ಮೆ ನಳ ಬರುವಲ್ಲಿ ಒಂದು ಸರದಿ ತಪ್ಪಿದರೆ ಅಥವಾ ಅರ್ಧ ಮಾತ್ರ ತುಂಬಿದರೆ ಕಥೆ ಮುಗಿಯಿತು. ವಾಲ್ವ್ ಬಿಡುವವರು ಬರುವುದು ಬೆಳಗಿನ ಜಾವ ನಾಲ್ಕಕ್ಕೂ ಇರಬಹುದು, ರಾತ್ರಿ ಹನ್ನೊಂದಕ್ಕೂ ಇರಬಹುದು. ಕಂಪನಿಯ ಹುಡುಗರು ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ. ಕರಾರಿನಲ್ಲಿ 'ನೀರಿನ ಪೂರೈಕೆ ಮಾಲೀಕರ ಜವಾಬ್ದಾರಿ' ಎಂಬ ಸಾಲು ಇದ್ದೇ ಇತ್ತು. ಬಾಡಿಗೆದಾರರ ಫೋನುಗಳಲ್ಲಿ ಅರ್ಧಕ್ಕರ್ಧ ನೀರಿನದೇ ಆದಾಗ, ಆ ಒಂದು ಸಾಲು ಶುಲ್ಕದ ಅರ್ಧ ಅರ್ಥವನ್ನೇ ತೆಗೆದುಬಿಡುತ್ತದೆ.

ಆದ್ದರಿಂದ ಕಂಪನಿ ಇರಲಿ ಬಿಡಲಿ, ನೀರಿಗೊಬ್ಬರು ಬೇಕು. ಅದೇ ಓಣಿಯಲ್ಲಿರುವ, ಮೆಟ್ಟಿಲು ಗುಡಿಸಿ ನೀರು ನೋಡಿಕೊಳ್ಳುವವರಿಗೆ ತಿಂಗಳಿಗೆ 2,500 ಗೊತ್ತುಮಾಡಿದೆ. ಎರಡೂ ದಾರಿಯಲ್ಲಿ ಬರುವ ಖರ್ಚಾದ್ದರಿಂದ ಮೇಲಿನ ಹೋಲಿಕೆಯಲ್ಲಿ ಸೇರಿಸಿಲ್ಲ. ಅವರ ಕೆಲಸ ಮೂರು: ನಳ ಬಂದಾಗ ಸಂಪಿನ ಫ್ಲೋಟ್ ವಾಲ್ವ್ ಸರಿಯಾಗಿ ಬಿಟ್ಟುಕೊಂಡಿದೆಯೇ ನೋಡುವುದು, ದಿನಕ್ಕೆರಡು ಸಲ ಮೋಟರ್ ಹಾಕುವುದು, ಸಂಪಿನ ಗೋಡೆಯ ಮೇಲೆ ಬರೆದ ಗೆರೆಯಲ್ಲಿ ನೀರು ಎಲ್ಲಿದೆ ಎಂದು ಫೋಟೊ ಕಳಿಸುವುದು. ಆ ಗೆರೆ ಬಹಳ ಹೇಳುತ್ತದೆ. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಾಗ ಸಂಪಿನ ಗೋಡೆಗೂ ಸೀಳು ಬರುತ್ತದೆ. ರಾತ್ರಿ ಮೋಟರ್ ನಿಲ್ಲಿಸಿ, ನಳದ ವಾಲ್ವ್ ಕಟ್ಟಿ, ಗೆರೆ ಹಾಕಿ, ಬೆಳಿಗ್ಗೆ ನೋಡಿ. ಹತ್ತಕ್ಕೆಂಟು ಅಡಿಯ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 74 ಲೀಟರ್ ಮಣ್ಣಿಗೆ ಹೋಯಿತೆಂದು ಅರ್ಥ. ಹನ್ನೆರಡು ತಾಸಿನಲ್ಲಿ ಮೂರು ಸೆಂಟಿಮೀಟರ್ ಇಳಿದಿದ್ದರೆ ದಿನಕ್ಕೆ 440 ಲೀಟರ್, ಸುಮಾರು ಒಂದು ಸಂಸಾರದ ನೀರು. ಆಗ ಟ್ಯಾಂಕರಿಗಲ್ಲ, ಗೌಂಡಿಗೆ ಫೋನ್ ಮಾಡಬೇಕು. ಶುಲ್ಕದ ಜೊತೆ ಟ್ಯಾಂಕರ್ ಬಿಲ್ಲು ಕಳಿಸುವವರು ಈ ಗೆರೆ ನೋಡುವುದಿಲ್ಲ, ಅವರಿಗೆ ನೋಡುವ ಕಾರಣವೂ ಇಲ್ಲ.

ಕಂಪನಿಯ ಪರವಾಗಿ ಹೇಳುವ ದೊಡ್ಡ ಮಾತು ಖಾಲಿ ದಿನಗಳದ್ದು: ಅವರು ಬೇಗ ತುಂಬಿಸುತ್ತಾರೆ. ದೊಡ್ಡ ಮನೆ ಒಂದು ದಿನ ಖಾಲಿ ಇದ್ದರೆ 400 ರೂಪಾಯಿ ನಷ್ಟ. ಆದರೆ 79,586ನ್ನು ಸರಾಸರಿ ಬಾಡಿಗೆ 10,400ರಿಂದ ಭಾಗಿಸಿದರೆ ಏಳೂವರೆ ತಿಂಗಳಿಗೂ ಮೇಲೆ. ವರ್ಷಕ್ಕೆ ಎರಡೇ ಮನೆ ಖಾಲಿಯಾಗುವ ಕಟ್ಟಡದಲ್ಲಿ ಅಷ್ಟು ತಿಂಗಳು ಉಳಿಸಿಕೊಡಲು ಯಾರಿಂದಲೂ ಆಗದು. ಖಾಲಿ ದಿನ ಹೆಚ್ಚಾಗುವುದು ಜನ ಸಿಗದೆ ಅಲ್ಲ, ಕೆಲಸಗಳನ್ನು ಒಂದರ ಹಿಂದೆ ಒಂದು ಇಡುವುದರಿಂದ. ಮನೆ ಬಿಟ್ಟ ಮೇಲೆ ನೋಡುವುದು, ನೋಡಿದ ಮೇಲೆ ಪ್ಲಂಬರ್, ಆಮೇಲೆ ಬಣ್ಣ, ಬಣ್ಣ ಒಣಗಿದ ಮೇಲೆ ಟು-ಲೆಟ್ ಬೋರ್ಡು. ಇಪ್ಪತ್ತೈದು ದಿನ, ಅಂದರೆ 10,000 ಹೋಯಿತು. ಒಂದು ತಿಂಗಳ ನೋಟಿಸ್ ಬಂದ ದಿನವೇ ಬೋರ್ಡು ಹಾಕಿ, ಹದಿನೈದು ದಿನ ಮೊದಲೇ ಮನೆಯೊಳಗೆ ಒಂದು ಸುತ್ತು ಹಾಕಿ ಸೋರುವ ನಳ, ಸಿಂಕು, ಬಾಗಿಲ ಬೀಗ ಬರೆದಿಟ್ಟುಕೊಂಡು, ಬಣ್ಣದವರಿಗೆ ದಿನ ಗೊತ್ತುಮಾಡಿದರೆ ಎಂಟು ದಿನ ಸಾಕು.

ಮನೆ ಬಿಡುವ ದಿನ ಮರೆಯಬಾರದ ಕೆಲಸ ಮೀಟರಿನದು. ಹೆಸ್ಕಾಂ ಬಾಕಿ ಬಿದ್ದರೆ ಅದು ಆರ್‌ಆರ್ ನಂಬರಿನ ಮೇಲೆ ನಿಲ್ಲುತ್ತದೆ, ಬಾಡಿಗೆದಾರರ ಹಿಂದೆ ಹೋಗುವುದಿಲ್ಲ. ರೀಡಿಂಗ್ ಫೋಟೊ ತೆಗೆದು, ಅಲ್ಲಿಯವರೆಗಿನ ಬಿಲ್ ಚುಕ್ತಾ ಮಾಡಿಸಿಯೇ ಡಿಪಾಸಿಟ್ ಕೊಡಬೇಕು. ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ ಸೇವಾ ಸಿಂಧುವಿನಲ್ಲಿ ಬಿಡಿಸಲು ಅವರ ಮೊಬೈಲಿಗೇ ಒಟಿಪಿ ಬರುತ್ತದೆ. ಸಾಮಾನಿನ ಗಾಡಿ ಹೊರಟ ಮೇಲೆ ಆ ಒಟಿಪಿಗಾಗಿ ವಾರಗಟ್ಟಲೆ ಫೋನ್ ಮಾಡಬೇಕಾಗುತ್ತದೆ.

ಲೆಕ್ಕ ತಿರುಗುವ ಸಂದರ್ಭಗಳೂ ಇವೆ. ಮಾಲೀಕರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಒಂದು ಮನೆ ತೋರಿಸಲು ಬಂದು ಹೋಗುವುದೇ ಎರಡು ದಿನ. ಮೂರು ಮನೆ ಗೋಕುಲ ರಸ್ತೆಯಲ್ಲಿ, ಎರಡು ಧಾರವಾಡದ ಸಪ್ತಾಪುರದಲ್ಲಿ ಇದ್ದರೆ ಪ್ರತಿ ದೂರಿಗೂ ಅರ್ಧ ದಿನ ಹೋಗುತ್ತದೆ. ಸಪ್ತಾಪುರದಲ್ಲಿ ಕೋಚಿಂಗಿಗೆ ಬರುವ ಹುಡುಗರು ಬೇಗ ಬೇಗ ಬದಲಾಗುವುದರಿಂದ ನೂರು ತಾಸು ಇನ್ನೂರಾಗುತ್ತದೆ. ಅಂಥವರು ಕಂಪನಿಗೆ ಕೊಡುವುದೇ ಸರಿ, ಆದರೆ ಕರಾರಿನ ಕೆಲವು ಸಾಲು ತಿದ್ದಿಸಿ. ಶುಲ್ಕ ಕೈಗೆ ಬಂದ ಬಾಡಿಗೆಯ ಮೇಲಿರಲಿ, ಬರಬೇಕಾದ ಬಾಡಿಗೆಯ ಮೇಲಲ್ಲ. ಎರಡನೆಯದಾದರೆ ಖಾಲಿ ಮನೆಗೂ ಕಟ್ಟುತ್ತೀರಿ. ಬಾಡಿಗೆದಾರರು ಆರು ತಿಂಗಳೊಳಗೆ ಬಿಟ್ಟರೆ ಮುಂದಿನವರನ್ನು ಪುಕ್ಕಟೆ ತಂದುಕೊಡಬೇಕು, ಇಲ್ಲದಿದ್ದರೆ ಮನೆ ಆಗಾಗ ಖಾಲಿಯಾಗುವುದೇ ಅವರಿಗೆ ಲಾಭ. 2,000ಕ್ಕಿಂತ ಮೇಲಿನ ರಿಪೇರಿಗೆ ಮೊದಲು ಕೇಳಬೇಕು.

ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯಬೇಕಾದದ್ದು ಡಿಪಾಸಿಟ್. ದೊಡ್ಡ ಮನೆಗೆ 50,000, ಸಣ್ಣದಕ್ಕೆ 30,000ದಂತೆ ಐದು ಮನೆಗೆ 2,10,000. ಅದು ಕಂಪನಿಯ ಖಾತೆಯಲ್ಲಿ ಕೂತಿದ್ದರೆ, ಕಂಪನಿ ಬಾಗಿಲು ಹಾಕಿದ ದಿನವೂ ಬಾಡಿಗೆದಾರರು ಕೇಳುವುದು ಕರಾರುಪತ್ರದಲ್ಲಿ ಹೆಸರಿರುವ ಮಾಲೀಕರನ್ನೇ. ಡಿಪಾಸಿಟ್ ಮತ್ತು ಬಾಡಿಗೆ ಎರಡೂ ನೇರ ಮಾಲೀಕರ ಖಾತೆಗೆ ಬರಲಿ, ಶುಲ್ಕದ ಬಿಲ್ ಆಮೇಲೆ ಬರಲಿ. ಇದಕ್ಕೆ ಒಪ್ಪದವರ ಕರಾರಿಗೆ ನಾನು ಸಹಿ ಹಾಕಲಿಲ್ಲ. ಏಜೆಂಟರಿಂದ ಬಾಡಿಗೆದಾರರನ್ನು ಮಾತ್ರ ತರಿಸಿಕೊಂಡು, ನೀರಿಗೆ ಓಣಿಯವರನ್ನು ಇಟ್ಟು, ಉಳಿದದ್ದನ್ನು ಕೈಯಲ್ಲೇ ಇಟ್ಟುಕೊಂಡೆ.