ಅಡ್ವಾನ್ಸ್ ಮರಳಿ ಕೇಳುವ ನೋಟಿಸ್: ಬೇಡಿಕೆ ಸ್ಪಷ್ಟವಾಗಿರಲಿ, ಬೆದರಿಕೆಯಾಗದಿರಲಿ

ಬಾಡಿಗೆ ಮನೆ ಖಾಲಿ ಮಾಡಿ ಎರಡು ತಿಂಗಳು ಕಳೆದರೂ ಮಾಲೀಕರು ಅಡ್ವಾನ್ಸ್ ಹಣ ಪೂರ್ತಿ ಕೊಡದಿದ್ದಾಗ, ಬಾಡಿಗೆದಾರರು ಬರೆಯುವ ಪತ್ರದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಎಷ್ಟು ಹಣ, ಯಾವಾಗ ಬೇಕು ಎಂಬುದು ಅಸ್ಪಷ್ಟವಾಗಿರುತ್ತದೆ. ಕೊಡದಿದ್ದರೆ ಏನು ಮಾಡಿಬಿಡುತ್ತೇನೆ ಎಂಬುದು ಮಾತ್ರ ವಿವರವಾಗಿರುತ್ತದೆ. ಒಳ್ಳೆಯ ನೋಟಿಸ್ ಇದಕ್ಕೆ ನೇರ ತದ್ವಿರುದ್ಧ.

ಮೊದಲು ಲೆಕ್ಕವನ್ನು ಬರೆಯಿರಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳ ಬಾಡಿಗೆ 15,000 ರೂಪಾಯಿ, ಕೊಟ್ಟ ಅಡ್ವಾನ್ಸ್ 1,50,000 ರೂಪಾಯಿ. ಮನೆ ಬಿಟ್ಟು ಕೀಲಿ ಕೊಟ್ಟದ್ದು 2025ರ ಮಾರ್ಚ್ 31ರಂದು. ಕರಾರಿನ ಪ್ರಕಾರ ಬಣ್ಣ ಬಳಿಸುವ ಖರ್ಚಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬಹುದು. ಕೊನೆಯ ಕರೆಂಟ್ ಬಿಲ್ 1,240 ರೂಪಾಯಿ ಬಾಕಿ ಇತ್ತು. ಏಪ್ರಿಲ್‌ನಲ್ಲಿ ಮಾಲೀಕರು 60,000 ರೂಪಾಯಿ ಕಳುಹಿಸಿದ್ದಾರೆ. ಇವನ್ನೆಲ್ಲ ಕಳೆದರೆ ಉಳಿಯುವುದು 73,760 ರೂಪಾಯಿ. ನ್ಯಾಯವಾಗಿ ಅವರಿಗೆ ಸಲ್ಲಬೇಕಾದ ಕಡಿತಗಳನ್ನು ನೀವೇ ಮೊದಲು ಕಳೆದು ತೋರಿಸಿದರೆ, ಮುಂದೆ ನ್ಯಾಯಾಲಯದಲ್ಲಿ ಈ ಪತ್ರವನ್ನು ಓದುವವರಿಗೂ ನಿಮ್ಮ ಮಾತಿನಲ್ಲಿ ನಂಬಿಕೆ ಹುಟ್ಟುತ್ತದೆ.

ಬೇಡಿಕೆಯ ವಾಕ್ಯ ಒಂದೇ ಆಗಿರಲಿ, ಅದರಲ್ಲಿ ಮೊತ್ತ, ದಿನಾಂಕ, ಪಾವತಿಯ ವಿಧಾನ ಮೂರೂ ಇರಲಿ: "ಬಾಕಿ 73,760 ರೂಪಾಯಿಗಳನ್ನು 2025ರ ಜೂನ್ 20, ಶುಕ್ರವಾರ ಸಂಜೆ 5 ಗಂಟೆಯೊಳಗೆ ಕೆಳಗೆ ನಮೂದಿಸಿದ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ." "ಕೂಡಲೇ", "ಆದಷ್ಟು ಬೇಗ" ಎಂಬ ಮಾತುಗಳಿಗೆ ಗಡುವಿನ ಬೆಲೆಯಿಲ್ಲ. "ನೋಟಿಸ್ ತಲುಪಿದ 15 ದಿನಗಳೊಳಗೆ" ಎಂದು ಬರೆಯುವುದು ರೂಢಿಯಲ್ಲಿದ್ದರೂ, ಯಾವ ದಿನ ತಲುಪಿತು ಎಂಬುದೇ ತಕರಾರಾಗಬಹುದು. ಆದ್ದರಿಂದ ನಾನು ನಿಗದಿತ ದಿನಾಂಕವನ್ನೇ ಒಪ್ಪುತ್ತೇನೆ. ಜೂನ್ 2ರಂದು ಅಂಚೆಗೆ ಹಾಕಿದರೆ ತಲುಪಲು ಮೂರು ದಿನ ಹಿಡಿದರೂ ಹಣ ಹೊಂದಿಸಲು ಅವರಿಗೆ ಎರಡು ವಾರ ಸಿಗುತ್ತದೆ. ಎರಡೇ ದಿನದ ಗಡುವು ಕೊಟ್ಟರೆ, ಹಣ ಕೇಳುವುದಕ್ಕಿಂತ ಜಗಳ ತೆಗೆಯುವುದೇ ಉದ್ದೇಶವಾಗಿತ್ತು ಎಂದು ಎದುರಿನವರು ವಾದಿಸಬಹುದು.

ಕಡಿತಕ್ಕೆ ಬೇರೆ ಕಾರಣವಿದ್ದರೆ ಅದೇ ದಿನಾಂಕದೊಳಗೆ ಬಿಲ್ಲು, ಫೋಟೊಗಳೊಂದಿಗೆ ಬರಹದಲ್ಲಿ ತಿಳಿಸಬೇಕೆಂದೂ ಕೇಳಿ. ಬಡ್ಡಿ ಬೇಕಿದ್ದರೆ ಈ ನೋಟಿಸಿನಲ್ಲಿಯೇ ಹೇಳಬೇಕು. ಹಣವನ್ನು ಇಂಥ ದಿನ ಮರಳಿಸಬೇಕೆಂದು ಕರಾರಿನಲ್ಲಿ ಬರೆದಿಲ್ಲದಿದ್ದರೆ, 1978ರ ಬಡ್ಡಿ ಕಾಯ್ದೆಯ ಪ್ರಕಾರ ನ್ಯಾಯಾಲಯವು ದಾವೆಗೆ ಮುಂಚಿನ ಬಡ್ಡಿಯನ್ನು ಕೊಡುವಾಗ, ಬಡ್ಡಿ ಕೇಳುವುದಾಗಿ ತಿಳಿಸಿದ ಲಿಖಿತ ನೋಟಿಸಿನಲ್ಲಿ ಅದಕ್ಕೆಂದು ನಮೂದಿಸಿದ ದಿನಾಂಕದಿಂದ ಲೆಕ್ಕ ಹಾಕುತ್ತದೆ.

ಇನ್ನು ಉಳಿದದ್ದು ಕಷ್ಟದ ವಾಕ್ಯ: ಕೊಡದಿದ್ದರೆ ಏನು? "ನಿಗದಿತ ದಿನಾಂಕದೊಳಗೆ ಹಣ ಬಾರದಿದ್ದರೆ, ಬಾಕಿ, ಬಡ್ಡಿ ಮತ್ತು ಖರ್ಚಿನ ವಸೂಲಿಗಾಗಿ ಸಕ್ಷಮ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ" ಎಂಬಷ್ಟೇ ಸಾಕು. ಇದು ಬೆದರಿಕೆಯಲ್ಲ, ಕಾನೂನು ನಿಮಗೆ ಕೊಟ್ಟಿರುವ ದಾರಿಯನ್ನು ಮುಂಚಿತವಾಗಿ ತಿಳಿಸುವುದು. ಆದರೆ "ಹಣ ಕೊಡದಿದ್ದರೆ ಪೊಲೀಸರಿಗೆ ಹೇಳಿ ಒಳಗೆ ಹಾಕಿಸುತ್ತೇನೆ", "ನಿಮ್ಮ ಕಚೇರಿಗೆ ಬಂದು ಮಾನ ಕಳೆಯುತ್ತೇನೆ", "ಬಾಡಿಗೆ ನಗದಾಗಿ ತೆಗೆದುಕೊಂಡದ್ದನ್ನು ತೆರಿಗೆ ಇಲಾಖೆಗೆ ತಿಳಿಸುತ್ತೇನೆ" ಎಂಬ ಮಾತುಗಳು ಬೇರೆಯೇ ಜಾತಿಯವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆಗೆ 308ನೇ ಕಲಂ, ಕ್ರಿಮಿನಲ್ ಬೆದರಿಕೆಗೆ 351ನೇ ಕಲಂ ಇವೆ. ಇಂಥ ಒಂದು ವಾಕ್ಯವನ್ನು ಹಿಡಿದು ಎದುರಿನವರು ನಿಮ್ಮ ಮೇಲೆಯೇ ದೂರು ಕೊಡಲು ಅವಕಾಶ ಮಾಡಿಕೊಡಬಾರದು.

ಗೆರೆ ಎಲ್ಲಿದೆಯೆಂದು ತಿಳಿಯಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ಹೇಳುತ್ತಿರುವ ಕ್ರಮ ಈ 73,760 ರೂಪಾಯಿಯನ್ನೇ ಕೊಡಿಸುವ ದಾರಿಯೇ? ಹಣ ಕೊಟ್ಟರೆ ಸುಮ್ಮನಿರುತ್ತೇನೆ ಎಂಬ ವ್ಯಾಪಾರ ಅದರಲ್ಲಿ ಅಡಗಿದೆಯೇ? ತೆರಿಗೆ ಇಲಾಖೆಯ ಮಾತು ಎರಡರಲ್ಲೂ ಸೋಲುತ್ತದೆ. ಮಾಲೀಕರು ಬೀಗ ಒಡೆದು ಸಾಮಾನು ಹೊರಹಾಕಿದಂಥ ನಿಜವಾದ ಅಪರಾಧ ನಡೆದಿದ್ದರೆ ಅದರ ದೂರನ್ನು ಪ್ರತ್ಯೇಕವಾಗಿ ಠಾಣೆಗೆ ಕೊಡಿ, ಅದನ್ನು ಹಣದ ಚೌಕಾಸಿಗೆ ಬಳಸಬೇಡಿ.

ನೋಟಿಸನ್ನು ಕರಾರಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಮತ್ತು ತಲುಪಿದ ದಾಖಲೆಯನ್ನು ಇಟ್ಟುಕೊಳ್ಳಿ. ಅದೇ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿಯೂ ಹಾಕಿ, ಆದರೆ ಜೊತೆಗೆ ಇನ್ನೊಂದು ಬಿಸಿ ಮಾತು ಸೇರಿಸಬೇಡಿ. ಸ್ವೀಕರಿಸಲು ನಿರಾಕರಿಸಿದ ಲಕೋಟೆ ಮರಳಿ ಬಂದರೆ ಒಡೆಯದೆ ಹಾಗೆಯೇ ಇಡಿ. ಜೂನ್ 20 ಕಳೆದ ಮೇಲೆ ಮತ್ತೊಂದು "ಅಂತಿಮ" ಗಡುವು ಕೊಟ್ಟರೆ ಮೊದಲ ಗಡುವಿಗೆ ತೂಕ ಉಳಿಯುವುದಿಲ್ಲ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿದೆ, ನೋಟಿಸ್ ಕಳುಹಿಸಿದ ಮಾತ್ರಕ್ಕೆ ಅದು ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಜೂನ್ 21ರಂದು ಕರಾರು, ಪಾವತಿಯ ದಾಖಲೆ ಮತ್ತು ನೋಟಿಸಿನ ಪ್ರತಿ ಹಿಡಿದು ವಕೀಲರನ್ನು ಕಾಣಿ.